ಸಿಪಿವಿಸಿ, ಪಿವಿಸಿ, ಜಿಐ: ಹೊಸ ಮನೆಯಲ್ಲಿ ಯಾವ ಪೈಪು ಎಲ್ಲಿಗೆ?

ಪ್ರಶ್ನೆ: ತುಮಕೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೊಂದು, ಮೇಲೊಂದು ಮಹಡಿ, ಮೂರು ಬಚ್ಚಲುಮನೆ. ಬೋರ್‌ವೆಲ್ ನೀರು, ತುಂಬ ಗಡಸು. ತಾರಸಿ ಮೇಲೆ 200 ಲೀಟರ್ ಸೋಲಾರ್ ಹಾಕಿಸುತ್ತೇವೆ. ಪ್ಲಂಬರ್ ಎಲ್ಲ ಕಡೆಗೂ ಸಿಪಿವಿಸಿ ಅನ್ನುತ್ತಾರೆ. ಅಪ್ಪ ಮಾತ್ರ, ಪ್ಲಾಸ್ಟಿಕ್ ಒತ್ತಡಕ್ಕೆ ಒಡೆಯುತ್ತೆ, ಬಿಸಿನೀರಿಗೆ ತಡೆಯಲ್ಲ, ಸತು ಲೇಪಿಸಿದ ಕಬ್ಬಿಣದ ಜಿಐ ಹಾಕಿಸು ಅಂತಾರೆ. ಮೇಸ್ತ್ರಿ ಪ್ರಕಾರ ತಣ್ಣೀರಿಗೆ ಬಿಳಿ ಪಿವಿಸಿ ಸಾಕು. ಪ್ಲಂಬರ್ ಆಗಲೇ ಎಸ್‌ಡಿಆರ್ 13.5 ಪೈಪು ತಂದಿಟ್ಟಿದ್ದಾರೆ. ಗೋಡೆ ಕೊರೆಯುವುದು ಮುಂದಿನ ವಾರ ಶುರು. ಏನು ಮಾಡಲಿ?

ಉತ್ತರ: ಮೂವರ ಮಾತಿನಲ್ಲೂ ಸತ್ಯವಿದೆ, ಆದರೆ ಒಬ್ಬೊಬ್ಬರದು ಮನೆಯ ಒಂದೊಂದು ಭಾಗಕ್ಕೆ ಮಾತ್ರ. ಇಡೀ ಮನೆಗೆ ಒಂದೇ ಪೈಪು ಹಾಕಬೇಕೆಂಬ ನಿಯಮವಿಲ್ಲ. ಪೈಪಿನ ಪ್ರತಿ ತುಂಡಿಗೂ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಹರಿಯುವ ನೀರು ಎಷ್ಟು ಬಿಸಿ ಆಗಬಹುದು? ಇದಕ್ಕೆ ಬಿಸಿಲು ಬೀಳುತ್ತದೆಯೇ? ಕೆಟ್ಟರೆ ಕೈಗೆ ಸಿಗುತ್ತದೆಯೇ, ಟೈಲ್ಸ್ ಒಡೆಯಬೇಕೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಪೈಪು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಒತ್ತಡದ ಭಯವನ್ನು ಬಿಡಿಸಿಕೊಳ್ಳೋಣ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಹುಟ್ಟುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. ನಿಮ್ಮ ಮನೆಯಲ್ಲಿ ಟ್ಯಾಂಕಿನ ತಳಕ್ಕೂ ಕೆಳಮನೆಯ ನಲ್ಲಿಗೂ ಹೆಚ್ಚೆಂದರೆ 8 ಮೀಟರ್ ಅಂತರ ಇರಬಹುದು, ಅಂದರೆ 0.8 ಕೆಜಿ. ಎಸ್‌ಡಿಆರ್ ಎಂದರೆ ಪೈಪಿನ ಹೊರ ಅಳತೆಯನ್ನು ಅದರ ಗೋಡೆಯ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆ; ಅದು ಚಿಕ್ಕದಾದಷ್ಟೂ ಪೈಪು ದಪ್ಪ. ಭಾರತೀಯ ಮಾನದಂಡ ಐಎಸ್ 15778 ಪ್ರಕಾರ ತಯಾರಾದ ಎಸ್‌ಡಿಆರ್ 13.5 ಸಿಪಿವಿಸಿ ಪೈಪು 23 ಡಿಗ್ರಿಯಲ್ಲಿ ಸುಮಾರು 22 ಕೆಜಿ ತಡೆಯುತ್ತದೆ. ಎಸ್‌ಡಿಆರ್ 11 ಪೈಪು 28 ಕೆಜಿ ತಡೆಯುತ್ತದೆ. ಮುಂದೆ ನೀವು ಪ್ರೆಶರ್ ಪಂಪ್ ಕೂರಿಸಿದರೂ ಅದು ಕೊಡುವುದು 2ರಿಂದ 3 ಕೆಜಿ. ಒತ್ತಡವೊಂದರಿಂದಲೇ ಒಳ್ಳೆಯ ಸಿಪಿವಿಸಿ ಪೈಪು ಮನೆಯೊಳಗೆ ಒಡೆಯುವುದಿಲ್ಲ. ಒಡೆದಿದೆ ಎಂದು ಕರೆ ಬಂದಾಗ ಹೋಗಿ ನೋಡಿದರೆ ಕಾರಣ ಇರುವುದು ಬೇರೆಡೆ: ಗಮ್ ಸರಿಯಾಗಿ ಹಿಡಿಯದ ಜಾಯಿಂಟು, ಹಿತ್ತಾಳೆ ನಲ್ಲಿಯನ್ನು ಪ್ಲಾಸ್ಟಿಕ್ ಮರೆಗೆ, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೆರೆಗೆ, ಹಾಕಿ ಬಿಗಿದು ಸೀಳಿದ ಎಲ್ಬೋ, ಆಮೇಲೆ ಯಾರೋ ಕನ್ನಡಿ ತೂಗುಹಾಕಲು ಡ್ರಿಲ್ ಮಾಡಿದ ತೂತು, ಇಲ್ಲವೇ ಶಾಖ.

ಶಾಖದ ವಿಷಯದಲ್ಲಿ ನಿಮ್ಮ ತಂದೆಯವರ ಎಚ್ಚರಿಕೆ ನ್ಯಾಯವಾದದ್ದೇ. ಪ್ಲಾಸ್ಟಿಕ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ವಸ್ತುಗಳಿವೆ. ಮೇಸ್ತ್ರಿ ಹೇಳಿದ ಬಿಳಿ ಪಿವಿಸಿ, ಅಂದರೆ ಯುಪಿವಿಸಿ, ತಣ್ಣೀರಿನದು. ನೀರು 45 ಡಿಗ್ರಿ ದಾಟಿತೆಂದರೆ ಅದು ಮೆತ್ತಗಾಗುತ್ತ, ಕ್ಲ್ಯಾಂಪುಗಳ ನಡುವೆ ಜೋತುಬೀಳುತ್ತ ಹೋಗುತ್ತದೆ. ಅದೇ ರಾಳಕ್ಕೆ ಇನ್ನಷ್ಟು ಕ್ಲೋರಿನ್ ಸೇರಿಸಿ ಮಾಡಿದ್ದು ಸಿಪಿವಿಸಿ. ಇದು 82 ಡಿಗ್ರಿಯ ನೀರಿನಲ್ಲೂ ಒತ್ತಡ ತಡೆಯುತ್ತದೆ, ಆದರೆ ಬಹಳ ಕಡಿಮೆ: ಎಸ್‌ಡಿಆರ್ 11ಕ್ಕೆ 7 ಕೆಜಿ, 13.5ಕ್ಕೆ 5.6 ಕೆಜಿ. ಗೀಸರಿನ 60-65 ಡಿಗ್ರಿಗೆ ಇದು ಧಾರಾಳ. ಸೋಲಾರಿಗೆ ಹಾಗಲ್ಲ. ಏಪ್ರಿಲ್ ತಿಂಗಳಲ್ಲಿ ಮನೆಗೆ ಬೀಗ ಹಾಕಿ ನಾಲ್ಕು ದಿನ ಊರಿಗೆ ಹೋದರೆ, ಗಾಜಿನ ಟ್ಯೂಬಿನ ಸೋಲಾರ್ ಟ್ಯಾಂಕಿನಲ್ಲಿ ನೀರು ಕುದಿಯುವ ಹತ್ತಿರಕ್ಕೆ ಬರುತ್ತದೆ. ವಾಪಸು ಬಂದು ನಲ್ಲಿ ತಿರುಗಿಸಿದ ಕ್ಷಣದಲ್ಲಿ ಆ ನೀರು ಪೈಪಿಗೆ ಇಳಿಯುತ್ತದೆ. ಟ್ಯಾಂಕಿನ ಬಾಯಿಗೇ ಸಿಪಿವಿಸಿ ಜೋಡಿಸಿದ ಮನೆಗಳಲ್ಲಿ ಮೊದಲ ಎಲ್ಬೋ ಸೊಟ್ಟಗಾಗಿ ಸೋರುವುದು ಇದರಿಂದಲೇ.

ಆದ್ದರಿಂದ ಸೋಲಾರ್ ಟ್ಯಾಂಕಿನ ಬಿಸಿನೀರಿನ ಬಾಯಿಯಿಂದ ಮೊದಲ 3 ಮೀಟರ್, ಅಂದರೆ ಹತ್ತು ಅಡಿ, ಲೋಹದ್ದೇ ಇರಲಿ. ನಿಮ್ಮ ಮನೆಯಲ್ಲಿ ಜಿಐ ಪೈಪಿಗೆ ಸರಿಯಾದ ಜಾಗ ಇದು. ಐಎಸ್ 1239ರ ಮಧ್ಯಮ ದರ್ಜೆ, ನೀಲಿ ಪಟ್ಟಿ ಇರುವ ಬಿ ಕ್ಲಾಸ್ ತನ್ನಿ. ಹಳದಿ ಪಟ್ಟಿಯ ಎ ಕ್ಲಾಸ್ ಗೋಡೆ ತೆಳು, ಮರೆ ಕಡಿದ ಮೇಲೆ ಉಳಿಯುವ ದಪ್ಪ ಇನ್ನೂ ಕಡಿಮೆ. ಆದರೆ ಗಡಸು ಬಿಸಿನೀರಿನಲ್ಲಿ ಜಿಐ ಕೂಡ ಶಾಶ್ವತವಲ್ಲ. ಒಳಗೆ ಸುಣ್ಣದ ಪದರ ಕಟ್ಟುತ್ತದೆ, 60 ಡಿಗ್ರಿ ಮೇಲಿನ ನೀರಿನಲ್ಲಿ ಸತುವಿನ ಲೇಪ ಕಬ್ಬಿಣವನ್ನು ಮೊದಲಿನಂತೆ ಕಾಯುವುದಿಲ್ಲ. ಹಾಗಾಗಿ ಈ ತುಂಡು ಯಾವತ್ತೂ ಗೋಡೆಯೊಳಗೆ ಹೋಗಬಾರದು. ತಾರಸಿ ಮೇಲೆ ಕಣ್ಣಿಗೆ ಕಾಣುವಂತೆ, ಎರಡೂ ತುದಿಗೆ ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಇಟ್ಟು ಕೂರಿಸಿದರೆ, ಮುಂದೆ ಬದಲಿಸುವುದು ಅರ್ಧ ದಿನದ ಕೆಲಸ. ಜಿಐ ಬೇಡವೆನಿಸಿದರೆ ನಡುವೆ ಅಲ್ಯೂಮಿನಿಯಂ ಪದರವಿರುವ ಕಾಂಪೊಸಿಟ್ ಪೈಪನ್ನೂ ಬಳಸಬಹುದು. ಅದು ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಫಿಟಿಂಗ್ ಕೂರಿಸುವುದು ಗೊತ್ತಿರುವ ಪ್ಲಂಬರ್ ಸಿಗಬೇಕು, ಬಿಸಿಲಿನಿಂದ ಅದನ್ನು ಮುಚ್ಚಬೇಕು. ಸೋಲಾರ್ ಟ್ಯಾಂಕಿನ ಗಾಳಿಕೊಳವೆಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿಸಬೇಡಿ, ಅದಕ್ಕೆ ವಾಲ್ವನ್ನೂ ಹಾಕಿಸಬೇಡಿ.

ಜಿಐ ತುಂಡು ಮುಗಿದಲ್ಲಿಂದ ಮುಂದಕ್ಕೆ ಸಿಪಿವಿಸಿ ಎಸ್‌ಡಿಆರ್ 11. ಇಲ್ಲಿ ಹೆಚ್ಚಿನವರು ಮರೆಯುವುದು ಪೈಪಿನ ಹಿಗ್ಗುವಿಕೆಯನ್ನು. ತಾರಸಿ ಮೇಲೆ ನಿಮ್ಮ ಬಿಸಿನೀರಿನ ಸಾಲು 8 ಮೀಟರ್ ಉದ್ದ ಇದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 25 ಡಿಗ್ರಿಯಲ್ಲಿದ್ದ ಪೈಪು ಬಿಸಿನೀರು ಬಂದಾಗ 70 ಡಿಗ್ರಿಗೆ ಏರಿದರೆ, ಸಿಪಿವಿಸಿ ಸುಮಾರು 23 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಜಿಐ ಹಿಗ್ಗುವುದು 4-5 ಮಿಲಿಮೀಟರ್ ಮಾತ್ರ. ಎರಡೂ ತುದಿ ಬಿಗಿಯಾಗಿ ಸಿಮೆಂಟಿನಲ್ಲಿ ಹೂತಿದ್ದರೆ ಆ 23 ಮಿಲಿಮೀಟರಿನ ತಳ್ಳಾಟವನ್ನು ದಿನವೂ ಎಲ್ಬೋ ತಡೆಯಬೇಕು. ಸಾಲಿನ ನಡುವೆ ನಾಲ್ಕು ಎಲ್ಬೋ ಹಾಕಿ ಯು ಆಕಾರದ ಒಂದು ಬಳಸು ಕೊಟ್ಟರೆ ಆ ಹಿಗ್ಗು ಅಲ್ಲಿ ಕರಗುತ್ತದೆ. ಕ್ಲ್ಯಾಂಪು ಮೂರಡಿಗೊಂದು ಇರಲಿ, ಆದರೆ ಪೈಪನ್ನು ಹಿಸುಕದೆ ಜಾರಲು ಬಿಡುವಂಥದ್ದಿರಲಿ. ಸಾಲಿಗೆ ಫೋಮ್ ಹೊದಿಕೆ ಹಾಕಿ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿದರೆ ಬಿಸಿಲಿನ ಹೊಡೆತವೂ ತಪ್ಪುತ್ತದೆ, ನೀರಿನ ಶಾಖವೂ ಉಳಿಯುತ್ತದೆ. ಫೋಮ್ ಕೊಳ್ಳುವಾಗ ಸಿಪಿವಿಸಿಗೆ ಹೊಂದುವಂಥದ್ದೇ ಎಂದು ಕೇಳಿ ತನ್ನಿ. ಕೆಲವು ಮೆದು ಪಿವಿಸಿ ಹೊದಿಕೆ, ವೈರ್ ಮತ್ತು ರಬ್ಬರ್‌ಗಳಿಂದ ಒಸರುವ ಎಣ್ಣೆಯಂಥ ವಸ್ತು ಸಿಪಿವಿಸಿಯನ್ನು ಒಳಗೊಳಗೇ ಬಿರುಕು ಬಿಡಿಸುತ್ತದೆ. ಮರೆಗೆ ಹಚ್ಚುವ ಎಣ್ಣೆ ಪೇಸ್ಟು, ಸೀಮೆಎಣ್ಣೆ ಬೆರೆಸಿದ ಗೆದ್ದಲು ಔಷಧಿ ಕೂಡ ಹೀಗೆಯೇ ಹಾನಿ ಮಾಡುತ್ತವೆ. ಮರೆಗೆ ಟೆಫ್ಲಾನ್ ಟೇಪು ಬಿಟ್ಟು ಬೇರೇನೂ ಬೇಡ.

ಇನ್ನು ಮೇಸ್ತ್ರಿಯವರ ಸಲಹೆ. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಪೈಪು, ಟ್ಯಾಂಕಿನಿಂದ ಹೊರಗೋಡೆಯ ಮೇಲೆ ಇಳಿಯುವ ತಣ್ಣೀರಿನ ದೊಡ್ಡ ಪೈಪು, ತೋಟದ ನಲ್ಲಿ, ಇವಕ್ಕೆಲ್ಲ ಷೆಡ್ಯೂಲ್ 40 ಬಿಳಿ ಯುಪಿವಿಸಿ ನಿಜವಾಗಿಯೂ ಸಾಕು. ಪಂಪು ಸುಮಾರು 11 ಮೀಟರ್ ಎತ್ತಬೇಕಾಗಬಹುದು, ಅದು ಒಂದೂಕಾಲು ಕೆಜಿಯೊಳಗಿನ ಒತ್ತಡ. ಪಂಪು ನಿಂತಾಗ ನೀರು ಹಿಂದಕ್ಕೆ ಅಪ್ಪಳಿಸುವ ಹೊಡೆತವನ್ನೂ ಈ ಪೈಪು ತಡೆಯುತ್ತದೆ. ಬಿಸಿಲಿಗೆ ಬೀಳುವ ಭಾಗಕ್ಕೆ ನೀರಿನಲ್ಲಿ ಕಲಸುವ ಬಿಳಿ ಎಮಲ್ಷನ್ ಬಣ್ಣ ಎರಡು ಕೋಟು ಹೊಡೆಸಿ. ಎಣ್ಣೆ ಪೇಂಟು ಬೇಡ. ಬಣ್ಣವಿಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಮೈ ಕಂದಿ ಪೆಡಸಾಗಿ, ಚಿಕ್ಕ ಏಟಿಗೂ ಸೀಳುತ್ತದೆ. ಚರಂಡಿಗೆ ಬಳಸುವ ಎಸ್‌ಡಬ್ಲ್ಯುಆರ್ ಪೈಪನ್ನು ಮಾತ್ರ ಯಾರೂ ಕುಡಿಯುವ ನೀರಿಗೆ ಜೋಡಿಸದಂತೆ ನೋಡಿಕೊಳ್ಳಿ. ಅದು ಒತ್ತಡಕ್ಕಾಗಿ ಮಾಡಿದ್ದೇ ಅಲ್ಲ. ಯುಪಿವಿಸಿ ಕೊಳ್ಳುವಾಗ ಸೀಸವಿಲ್ಲದ್ದು ಎಂಬ ಮುದ್ರೆ ಇರುವ ಪೈಪನ್ನೇ ಆರಿಸಿ. ಹಿಂದೆ ಪಿವಿಸಿಯನ್ನು ಗಟ್ಟಿಗೊಳಿಸಲು ಸೀಸದ ಲವಣ ಸೇರಿಸುತ್ತಿದ್ದರು. ಅದನ್ನು ತೆಗೆಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು.

ಆದರೆ ಬಚ್ಚಲುಮನೆಯ ಹೊಸಿಲು ದಾಟಿದ ಮೇಲೆ ತಣ್ಣೀರಿನ ಪೈಪು ಕೂಡ ಸಿಪಿವಿಸಿಯೇ ಆಗಬೇಕು. ಮೇಸ್ತ್ರಿಯವರ ಲೆಕ್ಕ ತಪ್ಪುವುದು ಇಲ್ಲಿ, ಕಾರಣ ಸ್ವಲ್ಪ ವಿವರವಾಗಿ ಹೇಳಬೇಕು. ಮಿಕ್ಸರ್ ನಲ್ಲಿಯೊಳಗೆ ಬಿಸಿ, ತಣ್ಣೀರು ಎರಡೂ ಒಂದೇ ಕೋಣೆಯಲ್ಲಿ ಸೇರುತ್ತವೆ. ಯಾರೋ ಎರಡೂ ಕಡೆ ತೆರೆದು, ಕೈಯಲ್ಲಿ ಹಿಡಿಯುವ ಷವರಿನ ಗುಂಡಿಯನ್ನು ಮಾತ್ರ ನಿಲ್ಲಿಸಿ ಹೊರಗೆ ಹೋದರೆಂದರೆ, ನೀರು ಹೊರಗೆ ಬರಲಾಗದೆ ಒಳಗೇ ಒಂದು ಸಾಲಿನಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಯಾವ ಕಡೆ ಒತ್ತಡ ಹೆಚ್ಚೋ ಆ ಕಡೆಯ ನೀರು ಗೆಲ್ಲುತ್ತದೆ. ಬಿಸಿನೀರು ಗೆದ್ದರೆ ಗೋಡೆಯೊಳಗಿನ ತಣ್ಣೀರಿನ ಪೈಪಿಗೆ ಇಳಿಯುತ್ತದೆ. ಅಲ್ಲಿ ಯುಪಿವಿಸಿ ಇದ್ದರೆ ಅದರ ಜಾಯಿಂಟು ಟೈಲ್ಸ್ ಹಿಂದೆ ಮೆತ್ತಗಾಗುತ್ತದೆ. ಪಕ್ಕದ ಕೋಣೆಯ ಗೋಡೆಯಲ್ಲಿ ಬಣ್ಣ ಉಬ್ಬಿದಾಗಲೇ ನಿಮಗೆ ತಿಳಿಯುವುದು. ಅಷ್ಟು ಹೊತ್ತಿಗೆ ಉಳಿಸಿದ ದುಡ್ಡಿನ ಹತ್ತಾರು ಪಟ್ಟು ಟೈಲ್ಸಿಗೆ ಹೋಗಿರುತ್ತದೆ. ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪು ಹಾಕಿದವರ ಮನೆಯಲ್ಲಿ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ. ತಣ್ಣೀರು ಬಿಸಿ ಸಾಲಿಗೆ ನುಗ್ಗಿ ತಾರಸಿಯವರೆಗೂ ಹೋಗಿ, ಸೋಲಾರಿನ ಗಾಳಿಕೊಳವೆಯಿಂದ ಸುರಿಯುತ್ತಿರುತ್ತದೆ. ಮಿಕ್ಸರಿನ ಎರಡೂ ಬದಿಗೆ ನಾನ್-ರಿಟರ್ನ್ ವಾಲ್ವ್ ಹಾಕಿಸಿದರೆ ಈ ಹರಿವು ನಿಲ್ಲುತ್ತದೆ. ಆದರೆ ಗಡಸು ನೀರಿನಲ್ಲಿ ಆ ವಾಲ್ವು ಸುಣ್ಣ ಕಟ್ಟಿ ಕಾಲಕ್ರಮೇಣ ಅಂಟಿಕೊಳ್ಳುತ್ತದೆ. ಅದನ್ನೇ ನೆಚ್ಚಿ ಒಳಗೆ ಯುಪಿವಿಸಿ ಹಾಕುವುದು ಜಾಣತನವಲ್ಲ.

ಸೋಲಾರಿಗೂ ಗೀಸರಿಗೂ ತಣ್ಣೀರು ಕೊಡುವ ಪೈಪಿಗೂ ಇದೇ ಕಾರಣ ಅನ್ವಯಿಸುತ್ತದೆ. ನೀರು ಬಿಸಿಯಾಗಿ ಹಿಗ್ಗಿದಾಗ ಸ್ವಲ್ಪ ಹಿಂದಕ್ಕೆ ಬರುತ್ತದೆ. ಸೋಲಾರಿಗೆ ಬರುವ ತಣ್ಣೀರಿನ ಪೈಪನ್ನು ಒಮ್ಮೆ ಕೆಳಗಿಳಿಸಿ ಮತ್ತೆ ಮೇಲೇರಿಸಿ ಕೊಡಿಸಿ. ಬಿಸಿನೀರು ಮೇಲೆಯೇ ನಿಲ್ಲುವುದರಿಂದ ಆ ಇಳುವನ್ನು ದಾಟಿ ಬರುವುದು ಕಷ್ಟ. ಆ ಕೊನೆಯ ತುಂಡು ಕೂಡ ಲೋಹದ್ದೋ ಸಿಪಿವಿಸಿಯದೋ ಇರಲಿ. ಗೀಸರಿನ ಎರಡೂ ಬಾಯಿಗೆ ಸಿಪಿವಿಸಿಯನ್ನು ನೇರವಾಗಿ ಮರೆ ಹಾಕದೆ, ಲೋಹದ ಕನೆಕ್ಷನ್ ಪೈಪಿನ ಮೂಲಕ ಜೋಡಿಸಬೇಕು.

ಹಾಗಾದರೆ ಗೋಡೆಯೊಳಗೂ ಜಿಐ ಹಾಕಿದರೇನು? ಹಳೆಯ ಮನೆಗಳಲ್ಲಿ ಬಹುಕಾಲ ಬಾಳಿದ್ದನ್ನು ನಿಮ್ಮ ತಂದೆ ನೋಡಿದ್ದಾರೆ, ಅದು ಸುಳ್ಳಲ್ಲ. ಜಿಐ ಆಯಸ್ಸನ್ನು ತೀರ್ಮಾನಿಸುವುದು ನೀರು. ನಿಮ್ಮದು ಗಡಸು ಬೋರ್ ನೀರು. ಅದು ಪೈಪಿನೊಳಗೆ ಸುಣ್ಣ ಮತ್ತು ತುಕ್ಕಿನ ಗಂಟು ಕಟ್ಟಿ ದಾರಿಯನ್ನೇ ಕಿರಿದಾಗಿಸುತ್ತದೆ. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರಿನಲ್ಲಿ ತೊಂದರೆ ಬೇರೆ ಥರ: ಅಲ್ಲಿ ನೀರು ಮೃದು ಮತ್ತು ಸ್ವಲ್ಪ ಆಮ್ಲೀಯವಾಗಿರುವುದರಿಂದ ಸತುವನ್ನೇ ತಿಂದುಹಾಕುತ್ತದೆ, ಪದರ ಕಟ್ಟುವುದಿಲ್ಲ. ಎರಡು ಕಡೆಯೂ ಮೊದಲು ಸೋರುವ ಜಾಗ ಒಂದೇ, ಮರೆ. ಪ್ಲಂಬರ್ ಡೈ ತಿರುಗಿಸಿ ಮರೆ ಕಡಿದಾಗ ಸತುವಿನ ಲೇಪ ಅಲ್ಲಿ ಪೂರ್ತಿ ಕೆರೆದುಹೋಗುತ್ತದೆ, ಬರಿಯ ಕಬ್ಬಿಣ ಉಳಿಯುತ್ತದೆ. ಒಂದು ಬಚ್ಚಲುಮನೆಯ ಗೋಡೆಯೊಳಗೆ ಇಂಥ ಹತ್ತಾರು ಮರೆಗಳಿರುತ್ತವೆ. ಬೆಳಗಿನ ಮೊದಲ ನೀರು ಕೆಂಪಗೆ ಬರುತ್ತಿದ್ದರೆ ಅದು ಶುರುವಾಗಿದೆ ಎಂದೇ ಅರ್ಥ. ಇನ್ನೊಂದು ಮಾತು: ಹಿಂದೆ ಕೆಲವರು ಜಿಐ ನೀರಿನ ಪೈಪನ್ನೇ ಅರ್ಥಿಂಗಿಗೆ ಬಳಸಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ ಪೈಪಿನಲ್ಲಿ ಅದು ಸಾಧ್ಯವೇ ಇಲ್ಲ. ಪ್ರತಿ ಗೀಸರಿನ ಪ್ಲಗ್ಗಿಗೂ ಸರಿಯಾದ ಅರ್ಥ್ ವೈರ್ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಅಳೆಸಿ ನೋಡಿ.

ಜಿಐ ಬಿಟ್ಟು ಸಿಪಿವಿಸಿಗೆ ಬಂದಾಗ ಅಳತೆ ಬದಲಾಗುತ್ತದೆ ಎಂಬುದನ್ನು ಅನೇಕ ಪ್ಲಂಬರುಗಳೂ ಗಮನಿಸುವುದಿಲ್ಲ. ಅರ್ಧ ಇಂಚಿನ ಬಿ ಕ್ಲಾಸ್ ಜಿಐ ಒಳಗಿನ ದಾರಿ ಸುಮಾರು 16 ಮಿಲಿಮೀಟರ್ ಇರುತ್ತದೆ. ಅರ್ಧ ಇಂಚಿನ ಎಸ್‌ಡಿಆರ್ 11 ಸಿಪಿವಿಸಿಯ ಹೊರಮೈಯೇ 15.9 ಮಿಲಿಮೀಟರ್, ಒಳದಾರಿ ಹನ್ನೆರಡೂವರೆ ಮಾತ್ರ. ನೀರು ಹರಿಯುವ ಜಾಗ ನೂರಕ್ಕೆ ನಲವತ್ತರಷ್ಟು ಕಡಿಮೆ. ನಿಮ್ಮ ಮೇಲ್ಮಹಡಿಯ ಷವರಿಗೂ ಟ್ಯಾಂಕಿನ ತಳಕ್ಕೂ ಬರೀ 2 ಮೀಟರ್ ಅಂತರ ಇದ್ದರೆ ಸಿಗುವ ಒತ್ತಡ 0.2 ಕೆಜಿ. ಅಲ್ಲಿ ಅರ್ಧ ಇಂಚಿನ ಸಿಪಿವಿಸಿ ಎಳೆದರೆ ಷವರ್ ತೊಟ್ಟಿಕ್ಕುತ್ತದೆ, ಆಗ ಬೈಗುಳ ಷವರ್ ಕಂಪನಿಗೆ ಬೀಳುತ್ತದೆ. ಬಚ್ಚಲುಮನೆಯೊಳಗೆ ಪೂರ್ತಿ ಮುಕ್ಕಾಲು ಇಂಚು ಎಳೆಸಿ, ನಲ್ಲಿ ಕೂರುವ ಜಾಗದಲ್ಲಿ ಮಾತ್ರ ಮುಕ್ಕಾಲಿನಿಂದ ಅರ್ಧಕ್ಕೆ ಇಳಿಯುವ ಹಿತ್ತಾಳೆ ಎಲ್ಬೋ ಹಾಕಿಸಿ. ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪು ಒಂದೂಕಾಲು ಇಂಚು, ಬಿಸಿನೀರಿನದು ಒಂದು ಇಂಚು ಇರಲಿ.

ಹಿತ್ತಾಳೆ ಎಲ್ಬೋ ಅಂದೆನಲ್ಲ, ಖರ್ಚು ಉಳಿಸಬಾರದ ಜಾಗ ಅದು. ಮಿಕ್ಸರಿಗೆ ಎರಡು, ಬೇಸಿನ್ನಿಗೆ ಎರಡು, ಬಕೆಟ್ ನಲ್ಲಿ, ಹೆಲ್ತ್ ಫಾಸೆಟ್ ಮತ್ತು ಫ್ಲಷ್ ಟ್ಯಾಂಕಿಗೆ ಒಂದೊಂದು ಎಂದರೆ ಒಂದು ಬಚ್ಚಲುಮನೆಗೆ ಏಳು. ಮೂರಕ್ಕೆ ಇಪ್ಪತ್ತೊಂದು, ಗೀಸರ್ ಇದ್ದ ಕಡೆ ಇನ್ನೆರಡು. ಮರೆ ಇರುವ ಪ್ರತಿ ಜಾಗದಲ್ಲೂ ಲೋಹಕ್ಕೆ ಲೋಹವೇ ತಾಗಬೇಕು. ಪೂರ್ತಿ ಪ್ಲಾಸ್ಟಿಕ್ ಮರೆಯೊಳಗೆ ಟೆಫ್ಲಾನ್ ಜಾಸ್ತಿ ಸುತ್ತಿದ ನಲ್ಲಿಯನ್ನು ಪೈಪ್ ರೆಂಚಿನಿಂದ ತಿರುಗಿಸಿದರೆ ಆಗ ಸೀಳದಿದ್ದರೂ ಆರು ತಿಂಗಳಿಗೆ ಸೀಳುತ್ತದೆ.

ಗಮ್ ಹಚ್ಚುವಾಗ ನೀವೇ ಒಂದು ಗಂಟೆ ಪಕ್ಕದಲ್ಲಿ ನಿಂತು ನೋಡಿ. ಪೈಪನ್ನು ಕಟರಿನಿಂದ ನೇರವಾಗಿ ಕತ್ತರಿಸಿ, ಅಂಚಿನ ಸಿಪ್ಪೆ ಕೆರೆದು, ಒಣಬಟ್ಟೆಯಲ್ಲಿ ಒರೆಸಬೇಕು. ಗಮ್ ಇಲ್ಲದೆ ತೂರಿಸಿದಾಗ ಪೈಪು ಫಿಟಿಂಗಿನ ಅರ್ಧದಷ್ಟು ಹೋಗಿ ಬಿಗಿಯಾದರೆ ಅಳತೆ ಸರಿ ಇದೆ. ಸಿಪಿವಿಸಿಯ ಗಮ್ಮೇ ಆಗಬೇಕು, ಪಿವಿಸಿಯದು ನಡೆಯದು. ಪೈಪಿನ ಹೊರಮೈಗೆ ಸಮವಾಗಿ, ಫಿಟಿಂಗಿನ ಒಳಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವವರೆಗೆ ಒತ್ತಿ, ಅರ್ಧ ನಿಮಿಷ ಹಿಡಿದಿರಬೇಕು. ಬಿಟ್ಟ ಕೂಡಲೇ ಪೈಪು ಹಿಂದಕ್ಕೆ ಸರಿದರೆ ಆ ಜಾಯಿಂಟು ಕತ್ತರಿಸಿ ಎಸೆಯಬೇಕು. ಒಳಗೆ ಗಮ್ ಮಡುಗಟ್ಟಿದರೆ ಫಿಟಿಂಗ್ ಗೋಡೆಯನ್ನು ಅದು ಮೆತ್ತಗೆ ಮಾಡುತ್ತದೆ. ಡಬ್ಬಿಯಲ್ಲಿ ಗಮ್ ಲೋಳೆಯಂತೆ ಗಟ್ಟಿಯಾಗಿದ್ದರೆ ಏನನ್ನೂ ಬೆರೆಸದೆ ಬಿಸಾಡಿ.

ಕೊನೆಯ ಜಾಯಿಂಟಿಗೆ 24 ಗಂಟೆ ಕಳೆದ ಮೇಲೆ, ಪ್ಲಾಸ್ಟರಿಂಗಿಗೆ ಮುಂಚೆ, ಪರೀಕ್ಷೆ. ಎಲ್ಲ ಬಾಯಿಗೂ ಪ್ಲಗ್ ಹಾಕಿ, ಕೆಳಗಿನಿಂದ ನೀರು ತುಂಬುತ್ತ ಮೇಲಿನ ಬಾಯಿಯಿಂದ ಗಾಳಿ ಪೂರ್ತಿ ಬಿಡಿಸಿ, ಕೈಪಂಪಿನಿಂದ 10 ಕೆಜಿಗೆ ಏರಿಸಿ ಎರಡು ಗಂಟೆ ಬಿಡಿ. ಸೋಲಾರ್, ಗೀಸರ್, ಫ್ಲಷ್ ಯಾವುದೂ ಆಗ ಜೋಡಣೆಯಾಗಿರಬಾರದು. ಗಾಳಿಯ ಕಂಪ್ರೆಸರ್‌ನಿಂದ ಮಾತ್ರ ಪರೀಕ್ಷಿಸಬೇಡಿ. ಒತ್ತಿದ ಗಾಳಿಯಲ್ಲಿ ಪ್ಲಾಸ್ಟಿಕ್ ಸಿಡಿದರೆ ಚೂರುಗಳು ಆಳಿಗೆ ಬಡಿಯುತ್ತವೆ. ಕೈಪಂಪಿನ ಒತ್ತಡ ಮಾಪಕದ ಮುಳ್ಳು ಕೆಳಗಿಳಿಯದಿದ್ದರೆ ಒತ್ತಡವನ್ನು 4 ಕೆಜಿಗೆ ಇಳಿಸಿ, ಪ್ಲಾಸ್ಟರಿಂಗ್ ಮತ್ತು ಟೈಲ್ಸ್ ಮುಗಿಯುವವರೆಗೂ ಹಾಗೆಯೇ ಇಟ್ಟುಬಿಡಿ. ಮೊಳೆ ಅಥವಾ ಡ್ರಿಲ್ ತಾಗಿದರೆ ಅವತ್ತೇ ಗೊತ್ತಾಗುತ್ತದೆ. ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ.

ಈಗ ಬಂದಿರುವ ಎಸ್‌ಡಿಆರ್ 13.5 ಪೈಪಿನ ಮಾತು. ಅದರ ಮೇಲೆ ಐಎಸ್ 15778, ಐಎಸ್‌ಐ ಮುದ್ರೆ ಮತ್ತು ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು, ಈಗಲೂ ಊರ್ಜಿತವೇ ಎಂದು ತೋರಿಸುತ್ತದೆ. ಸರಿ ಇದ್ದರೆ ಆ ಪೈಪನ್ನು ಹಿಂದಿರುಗಿಸಬೇಕಿಲ್ಲ. ಮೂರೂ ಬಚ್ಚಲುಮನೆ ಮತ್ತು ಅಡುಗೆಮನೆಯ ತಣ್ಣೀರಿನ ಸಾಲಿಗೆ ಅದನ್ನೇ ಬಳಸಲಿ. ಬಿಸಿನೀರಿಗೆ ಎಸ್‌ಡಿಆರ್ 11 ಬೇರೆ ತರಿಸಿ. ಎರಡರ ಹೊರ ಅಳತೆ ಒಂದೇ ಆದ್ದರಿಂದ ಫಿಟಿಂಗ್ ಎರಡಕ್ಕೂ ಕೂರುತ್ತದೆ. ಅದೇ ಕಾರಣಕ್ಕೆ ಕೆಲಸದ ಗಡಿಬಿಡಿಯಲ್ಲಿ ಅದಲುಬದಲಾಗುವ ಸಂಭವವೂ ಹೆಚ್ಚು. ಬಿಸಿನೀರಿನ ಪೈಪುಗಳ ತುದಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿಸಿ ಬೇರೆ ಕೋಣೆಯಲ್ಲಿ ಇಡಿಸಿ, ಗೋಡೆಗೆ ಕೂರಿಸಿದ ಮೇಲೆ ಪ್ಲಾಸ್ಟರಿಂಗಿಗೆ ಮುಂಚೆ ಆ ಟೇಪನ್ನು ಬಿಚ್ಚಿಸಿ.